ಆ ಕೂಸಿನ ಮುಖ ನೋಡಿದವರು ನೀವೊಬ್ಬರೇ

ಪ್ರಶ್ನೆ: ಒಂಬತ್ತನೇ ತಿಂಗಳಲ್ಲಿ ನಮ್ಮ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತು. ಹೆಣ್ಣು ಕೂಸು. ಹೆಂಡತಿಗೆ ಮುಖ ತೋರಿಸುವುದು ಬೇಡ ಅಂದರು ಹಿರಿಯರು, ನಾನೇ ಮಣ್ಣು ಮಾಡಿ ಬಂದೆ. ಮೂರನೇ ದಿನ ಅವಳಿಗೆ ಎದೆಹಾಲು ಬಂತು. ಇವತ್ತಿಗೆ ಹನ್ನೆರಡು ದಿನ. ಮಾತೇ ಆಡುತ್ತಿಲ್ಲ. ಎಲ್ಲರೂ ‘ಮತ್ತೊಂದು ಆಗ್ತದ ಬಿಡು’ ಅಂತಾರೆ. ನಾನು ಅವಳಿಗೆ ಏನು ಹೇಳಲಿ?
– ಸೇಡಂ ತಾಲ್ಲೂಕಿನ ಓದುಗ

ಉತ್ತರ: ತಮ್ಮಾ, ನಿಮ್ಮ ಪತ್ರ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಅಷ್ಟು ಸಣ್ಣ ದೇಹವನ್ನು ಕೈಯಲ್ಲಿ ಎತ್ತಿಕೊಂಡು ಹೋಗಿ ಬಂದವರು ನೀವು. ನಿಮ್ಮನ್ನು ಯಾರಾದರೂ ‘ಹೆಂಗಿದ್ದೀಯಪ್ಪಾ’ ಅಂತ ಕೇಳಿದರಾ?

ಮೊದಲು ಹಾಲಿನ ವಿಷಯ ಹೇಳುತ್ತೇನೆ. ಹೆರಿಗೆಯಾಗಿ ಮಾಸು ಹೊರಗೆ ಬಂದ ಕೂಡಲೇ ಹಾಲು ತಯಾರಿಸು ಅಂತ ದೇಹಕ್ಕೆ ಸೂಚನೆ ಹೋಗುತ್ತದೆ. ಕೂಸು ಉಳಿದಿದೆಯೋ ಇಲ್ಲವೋ ಎಂಬುದು ದೇಹಕ್ಕೆ ಗೊತ್ತಾಗುವುದಿಲ್ಲ. ಐದಾರು ತಿಂಗಳಿಗೆ ಗರ್ಭ ಹೋದವರಿಗೂ ಹಾಲು ಬರುವುದುಂಟು. ಇದನ್ನು ಮುಂಚೆ ಯಾರೂ ಹೇಳಿರುವುದಿಲ್ಲ. ಹಾಗಾಗಿ ಸೀರೆ ಒದ್ದೆಯಾದ ಗಳಿಗೆಯಲ್ಲಿ ತಾಯಿಯ ಎದೆ ಒಡೆದುಹೋಗುತ್ತದೆ.

ಎದೆ ಇನ್ನೂ ಬಿಗಿಯಾಗಿದ್ದರೆ ತಣ್ಣೀರಲ್ಲಿ ಹಿಂಡಿದ ಬಟ್ಟೆ ಇಡಿ. ಮೈಗೆ ಹೊಂದುವ ಬ್ರಾ ಹಾಕಿಕೊಳ್ಳಲಿ. ನಮ್ಮ ಕಡೆ ಬಟ್ಟೆಯಿಂದ ಬಿಗಿಯಾಗಿ ಕಟ್ಟುತ್ತಾರೆ, ಅದು ಬೇಡ. ಹಾಲು ಒಳಗೇ ಗಂಟು ಕಟ್ಟಿ ಕೀವಾಗಬಹುದು. ತಡೆಯಲಾರದಷ್ಟು ನೋವಿದ್ದರೆ ಹಗುರಾಗುವಷ್ಟು ಮಾತ್ರ ಹಿಂಡಲಿ. ಪೂರ್ತಿ ಹಿಂಡಿದರೆ ಇನ್ನೂ ಜಾಸ್ತಿ ಬರುತ್ತದೆ. ಹಾಲು ನಿಲ್ಲಿಸುವ ಮಾತ್ರೆ ಹೆರಿಗೆಯಾದ ಮೊದಲ ದಿನವೇ ಕೊಡುವಂಥದ್ದು. ಬಿಪಿ ಇದ್ದವರಿಗೆ ಅದು ಅಪಾಯ ಮಾಡಬಹುದು. ಆದ್ದರಿಂದ ಮೆಡಿಕಲ್ ಅಂಗಡಿಯಲ್ಲಿ ನೀವೇ ಕೇಳಿ ತರಬೇಡಿ. ಎದೆಯ ಒಂದು ಕಡೆ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ಆ ಕೂಸಿನ ಮುಖ ನೀವು ನೋಡಿದ್ದೀರಿ, ಅವಳು ನೋಡಿಲ್ಲ. ಒಂಬತ್ತು ತಿಂಗಳು ಹೊತ್ತವಳಿಗೆ ಅದು ಯಾರ ಹಾಗಿತ್ತು ಅಂತಲೂ ಗೊತ್ತಿಲ್ಲ. ಹೇಳಬೇಕಾದದ್ದು ಅದನ್ನೇ.

ಕೆಲವು ವರ್ಷಗಳ ಹಿಂದೆ ಆಳಂದ ಕಡೆಯ ಒಂದು ಜೋಡಿ ನನ್ನ ಹತ್ತಿರ ಬಂದಿತ್ತು. ಅವರದೂ ನಿಮ್ಮದೇ ಕಥೆ. ನಲವತ್ತು ದಿನ ಆ ಹುಡುಗಿ ಹೂಂ, ಉಹೂಂ ಬಿಟ್ಟು ಮಾತಾಡಿರಲಿಲ್ಲ. ಅವತ್ತು ನನ್ನ ಮುಂದೆಯೇ ಗಂಡನ ಕಡೆ ತಿರುಗಿ, ‘ತಲಿ ತುಂಬ ಕೂದಲಿದ್ವಾ?’ ಅಂದಳು. ಅವನು ತಡವರಿಸುತ್ತಾ ‘ಹೂಂ, ಹಣಿಗೆ ಅಂಟಿಕೊಂಡಿದ್ವು. ಮೂಗು ನಿಂದೇ’ ಅಂದ. ಇಬ್ಬರೂ ಬಿಕ್ಕಿ ಬಿಕ್ಕಿ ಅತ್ತರು. ನಾನು ಎದ್ದು ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಮುಂದಿನ ಸಲ ಬಂದಾಗ, ಆ ರಾತ್ರಿ ಅವಳೇ ಕೇಳಿ ರೊಟ್ಟಿ ಹಾಕಿಸಿಕೊಂಡಳು ಅಂತ ಅವನು ಹೇಳಿದ.

ನೀವೂ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅವಳ ಪಕ್ಕ ಕೂಡಿ. ‘ನಾನು ಅದನ್ನ ನೋಡೀನಿ. ನಿನಗ ಕೇಳಬೇಕು ಅನ್ನಿಸಿದಾಗ ಹೇಳ್ತೀನಿ’ ಅನ್ನಿ. ಅವತ್ತೇ ಕೇಳದಿದ್ದರೆ ಬಿಡಿ, ಒತ್ತಾಯ ಬೇಡ. ಕೇಳಿದ ದಿನ ಯಾವ ಬಟ್ಟೆಯಲ್ಲಿ ಸುತ್ತಿದ್ದಿರಿ, ಎಲ್ಲಿ ಮಲಗಿಸಿ ಬಂದಿರಿ, ಎಲ್ಲ ಹೇಳಿ. ನಿಮಗೆ ಅಳು ಬಂದರೆ ಅವಳ ಮುಂದೆಯೇ ಅಳಿ. ಮನಸ್ಸಿನಲ್ಲಿ ಹೆಸರೊಂದು ಇಟ್ಟುಕೊಂಡಿದ್ದರೆ ಆ ಹೆಸರಲ್ಲೇ ಕರೆಯಿರಿ. ಹೊಲಿಸಿಟ್ಟ ಕುಂಚಿಗೆ, ಕೌದಿ ಇದ್ದರೆ ಅವಳನ್ನು ಕೇಳದೆ ಯಾರಿಗೂ ಕೊಡಬೇಡಿ.

‘ಮತ್ತೊಂದು ಆಗ್ತದ’ ಅನ್ನುವವರ ಮನಸ್ಸು ಕೆಟ್ಟದ್ದಲ್ಲ. ಆದರೆ ಅವಳಿಗೆ ಬೇಕಾಗಿದ್ದದ್ದು ಇದೇ ಕೂಸು, ಅಲ್ವಾ? ನಿಮ್ಮ ತಾಯಿಗೆ, ಅತ್ತೆಗೆ ನೀವೇ ಮೆಲ್ಲಗೆ ಹೇಳಿ: ‘ಅವ್ವಾ, ಆ ಮಾತು ಈಗ ಬ್ಯಾಡ. ಸುಮ್ನೆ ಅಕಿ ಬಾಜೂ ಕೂಡು.’

ಇನ್ನೊಂದು ಮಾತು ಅವಳೊಳಗೆ ಕೊರೆಯುತ್ತಿರಬಹುದು. ತಾನು ಭಾರ ಎತ್ತಿದ್ದಕ್ಕೋ, ಗ್ರಹಣದಲ್ಲಿ ಹೊರಗೆ ಬಂದದ್ದಕ್ಕೋ ಹೀಗಾಯಿತು ಅಂತ. ಅಲ್ಲ. ಇಷ್ಟು ತಡವಾಗಿ ಕೂಸು ಹೋಗುವುದು ಬಹಳ ಸಲ ಮಾಸು ಸರಿಯಾಗಿ ಕೆಲಸ ಮಾಡದೆ, ಇಲ್ಲವೇ ಬಿಪಿ, ಸಕ್ಕರೆ, ಸೋಂಕಿನಿಂದ. ಎಷ್ಟೋ ಸಲ ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗುವುದಿಲ್ಲ. ‘ನಿನ್ನ ತಪ್ಪಿಲ್ಲ’ ಅಂತ ಒಂದು ಸಲ ಹೇಳಿದರೆ ಸಾಲದು. ಡಾಕ್ಟರ ಬಾಯಿಂದಲೂ ಅವಳ ಎದುರಿಗೇ ಹೇಳಿಸಿ.

ಹನ್ನೆರಡು ದಿನಕ್ಕೆ ಮಾತು ಬಾರದಿರುವುದು ಬಹಳ ಸಲ ದುಃಖವೇ, ಕಾಯಿಲೆಯಲ್ಲ. ಆದರೆ ಇನ್ನೂ ಎರಡು ವಾರ ಕಳೆದರೂ ಊಟ, ನಿದ್ದೆ ಹತ್ತಿರ ಸುಳಿಯದಿದ್ದರೆ ಮಾನಸಿಕ ತಜ್ಞರಿಗೆ ತೋರಿಸಿ. ‘ನಾನೂ ಅದರ ಹಿಂದೆ ಹೋಗ್ತೀನಿ’ ಅಂದರೆ, ಯಾರದೋ ದನಿ ಕೇಳುತ್ತದೆ ಅಂದರೆ, ಒಂದು ದಿನವೂ ಕಾಯಬೇಡಿ. ಒಬ್ಬಳನ್ನೇ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗೆ ರಾತ್ರಿ ನಿದ್ದೆ ಬಾರದಿದ್ದರೆ ನಿಮಗಾಗಿಯೂ ಮಾಡಿ.

ಆಸ್ಪತ್ರೆಯ ಕಾಗದಗಳನ್ನು ಜೋಪಾನವಾಗಿ ಇಡಿ. ಹೀಗಾದ ಬಹುಪಾಲು ತಾಯಂದಿರ ಮುಂದಿನ ಬಸಿರು ಸುಸೂತ್ರವಾಗಿ ಮುಗಿಯುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಯಾವಾಗ ಎಂಬುದನ್ನು ಅವಳೇ ಹೇಳಲಿ. ಆಗ ಬಸಿರಾಗುವ ಮೊದಲೇ ಆ ಕಾಗದ ಹಿಡಿದು ಡಾಕ್ಟರನ್ನು ಕಾಣಿ, ಇಬ್ಬರೂ ಕೂಡಿಯೇ ಹೋಗಿ.