ಹಳೆ ಫ್ರಿಜ್ ಮಾರುವಾಗ ಕ್ಯೂಆರ್ ಸ್ಕ್ಯಾನ್ ಮಾಡೋದು ನೀವಲ್ಲ

"ಧಾರವಾಡ ಸಪ್ತಾಪುರದಲ್ಲಿದ್ದೇವೆ, ಮುಂದಿನ ವಾರ ಪುಣೆಗೆ ಶಿಫ್ಟ್. 6 ವರ್ಷದ ಡಬಲ್ ಡೋರ್ ಫ್ರಿಜ್ 14,000ಕ್ಕೆ ಹಾಕಿದ್ದೆ, ಸಾಗವಾನಿ ಮಂಚನೂ ಇದೆ. ಮಿಲಿಟರಿಯವರೊಬ್ಬರು ನೋಡದೇನೇ ಅದೇ ರೇಟಿಗೆ ಒಪ್ಪಿದ್ದಾರೆ. ಕ್ಯೂಆರ್ ಕಳಿಸಿದ್ದಾರೆ, ಸ್ಕ್ಯಾನ್ ಮಾಡಿದ್ರೆ ದುಡ್ಡು ಬರುತ್ತೆ ಅಂತಾರೆ. ಮಾಡಲಾ?"

ಬೇಡ ಅಕ್ಕಾರೆ. ಆ ನಂಬರ್ ಈಗಲೇ ಬ್ಲಾಕ್ ಮಾಡಿ, ಆಮೇಲೆ ಇದನ್ನು ಓದಿ.

2022ರಲ್ಲಿ ಕೇಶ್ವಾಪುರದ ಮನೆ ಖಾಲಿ ಮಾಡುವಾಗ ನಾನು ವಾಷಿಂಗ್ ಮಷೀನ್ 7,000ಕ್ಕೆ ಹಾಕಿದ್ದೆ. ಹತ್ತು ನಿಮಿಷಕ್ಕೆ ಫೋನ್ ಬಂತು. ಬೆಳಗಾವಿ ಕ್ಯಾಂಪಿನಲ್ಲಿದ್ದೇನೆ, ಸಾಮಾನು ಒಯ್ಯಲು ನಮ್ಮ ಗಾಡಿ ಬರುತ್ತೆ ಎಂದ. ಬೆಳಗಾವಿಯಲ್ಲಿ ಮಿಲಿಟರಿ ಇರೋದು ಯಾರಿಗೆ ಗೊತ್ತಿಲ್ಲ? ಅದಕ್ಕೇ ನಂಬಿದೆ. ಐಡಿ ಕಾರ್ಡ್, ಯೂನಿಫಾರ್ಮ್ ಫೋಟೊ ಎಲ್ಲಾ ಕಳಿಸಿದ. ಅವು ಯಾರೋ ಪಾಪದ ಸೈನಿಕನ ಫೋಟೊಗಳು, ಕದ್ದು ಬಳಸುತ್ತಾರೆ.

ಮೊದಲು 2 ರೂಪಾಯಿಯ ಕ್ಯೂಆರ್ ಕಳಿಸಿದ. "ಚೆಕ್ ಮಾಡಿ ಸರ್, ಡಬಲ್ ಬರುತ್ತೆ" ಎಂದ. ಸ್ಕ್ಯಾನ್ ಮಾಡಿ ಪಿನ್ ಹಾಕಿದೆ. ನನ್ನ 2 ರೂಪಾಯಿ ಹೋಯಿತು, ಮರುಕ್ಷಣ ಅವನಿಂದ 4 ರೂಪಾಯಿ ಬಂತು. ಇಲ್ಲೇ ನಾನು ಸಿಕ್ಕಿಬಿದ್ದಿದ್ದು. ಆ 4 ರೂಪಾಯಿ ಕ್ಯೂಆರ್‌ನಿಂದ ಬಂದಿದ್ದಲ್ಲ, ಅವನು ಬೇರೆಯಾಗಿ ಕೈಯಾರೆ ಕಳಿಸಿದ್ದು. ಆಮೇಲೆ 7,000ದ ಕ್ಯೂಆರ್ ಬಂತು. ಪಿನ್ ಹಾಕಿದೆ, 7,000 ಹೋಯಿತು. ಕೇಳಿದರೆ "ಸರ್ವರ್ ತಪ್ಪಾಗಿದೆ ಸರ್, ಇನ್ನೊಂದು ಸಲ ಮಾಡಿ, ಎರಡೂ ಒಟ್ಟಿಗೆ ಬರುತ್ತೆ" ಎಂದ. ಗಾಬರಿಯಲ್ಲಿ ಅದನ್ನೂ ಮಾಡಿದೆ. ಹದಿನಾಲ್ಕು ಸಾವಿರ! ನಾಚಿಕೆಯಿಂದ ಆ ರಾತ್ರಿ ಮನೆಯಲ್ಲಿ ಹೇಳಲೇ ಇಲ್ಲ. ಮರುದಿನ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವಷ್ಟರಲ್ಲಿ ಹಣ ಆ ಖಾತೆ ದಾಟಿ ಹೋಗಿತ್ತು. ತಡ ಮಾಡಿದ್ದೇ ನನ್ನ ದೊಡ್ಡ ತಪ್ಪು. ಇಲ್ಲಿ ಯಾರಿಗಾದರೂ ಹೀಗೆ ಆದರೆ ಅದೇ ಗಳಿಗೆಯಲ್ಲಿ 1930ಕ್ಕೆ ಮತ್ತು ನಿಮ್ಮ ಬ್ಯಾಂಕಿಗೆ ಫೋನ್ ಮಾಡಿ. ಪೇಮೆಂಟಿನ ಗುರುತಿನ ಸಂಖ್ಯೆ, ಅಂದರೆ ಯುಟಿಆರ್ ನಂಬರ್ ಕೈಯಲ್ಲಿ ಇಟ್ಟುಕೊಳ್ಳಿ. ಆಮೇಲೆ cybercrime.gov.in ನಲ್ಲಿ ದೂರು ಹಾಕಿ.

ಅಕ್ಕನ ಪ್ರಶ್ನೆಗೆ ಉತ್ತರ ಬರೆದ ಅಣ್ಣನವರೊಬ್ಬರು "ಕಲೆಕ್ಟ್ ರಿಕ್ವೆಸ್ಟ್ 2025ರ ಅಕ್ಟೋಬರ್‌ನಿಂದ ಬಂದ್ ಆಗಿದೆ, ಇನ್ನು ಭಯ ಇಲ್ಲ" ಎಂದಿದ್ದಾರೆ. ಅರ್ಧ ನಿಜ. ಒಬ್ಬರು ಇನ್ನೊಬ್ಬರಿಗೆ "ಇಷ್ಟು ಕೊಡಿ" ಎಂದು ಯುಪಿಐನಲ್ಲಿ ರಿಕ್ವೆಸ್ಟ್ ಕಳಿಸೋದು ನಿಂತಿದೆ. ಆದರೆ ಕ್ಯೂಆರ್ ಸ್ಕ್ಯಾನ್ ಮಾಡೋದು ಅದಲ್ಲ. ಅಲ್ಲಿ ನೀವೇ ನಿಮ್ಮ ಕೈಯಿಂದ ಹಣ ಕಳಿಸುತ್ತೀರಿ. ದಯವಿಟ್ಟು ಯಾರಿಗೂ ಭಯ ಇಲ್ಲ ಅಂತ ಹೇಳಬೇಡಿ.

ಕಿರಾಣಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡೋದು ಯಾರು? ಹಣ ಕೊಡುವವರು ತಾನೇ? ಇಲ್ಲಿ ಅಂಗಡಿಯವರು ನೀವು. ನಿಮ್ಮ ಕ್ಯೂಆರ್ ಅವರು ಸ್ಕ್ಯಾನ್ ಮಾಡಬೇಕು. ಹಣ ಬರಬೇಕಾದರೆ ನಿಮ್ಮ ಪಿನ್ ಬೇಕಾಗೋದೇ ಇಲ್ಲ. ಪಿನ್ ಕೇಳಿತು ಅಂದರೆ ಹಣ ಹೋಗುತ್ತಿದೆ ಅಂತಲೇ ಅರ್ಥ. ಸ್ಕ್ರೀನಿನಲ್ಲಿ ಅವನ ಹೆಸರು, ಮೊತ್ತ, ಕೆಳಗೆ Pay ಅಂತ ಬರೆದೇ ಇರುತ್ತೆ. ಅವನು ಫೋನಿನಲ್ಲಿ ಅವಸರ ಮಾಡುತ್ತಾ ಅದನ್ನು ಓದಲು ಬಿಡೋದಿಲ್ಲ, ಅಷ್ಟೇ. ನೋಡದೇ, ಚೌಕಾಶಿ ಮಾಡದೇ ಹಳೆ ಫ್ರಿಜ್ ಕೊಳ್ಳುವವರನ್ನು ನಾನು ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ಕಂಡಿಲ್ಲ. ನಿಜವಾದ ಗಿರಾಕಿ ಮೊದಲು ಕೇಳೋದೇ "ಕಡೀಕ ಎಷ್ಟಕ್ಕ ಕೊಡ್ತೀರಿ?" ಅಂತ.

ಮನೆಗೇ ಬಂದವರೂ ಕೆಲವೊಮ್ಮೆ ಪೇಮೆಂಟ್ ಆಯಿತು ಎಂದು ಸ್ಕ್ರೀನ್ ತೋರಿಸುತ್ತಾರೆ. ಅದನ್ನು ನೋಡಬೇಡಿ, ಎಸ್ಸೆಮ್ಮೆಸ್ಸನ್ನೂ ನಂಬಬೇಡಿ. ನಿಮ್ಮ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ. ಹಣ ಕಂಡ ಮೇಲೆಯೇ ಹಮಾಲರು ಸಾಮಾನಿಗೆ ಕೈ ಹಚ್ಚಬೇಕು. "ತಪ್ಪಿ ಜಾಸ್ತಿ ಹಾಕಿದೆ, ಉಳಿದದ್ದು ವಾಪಸ್ ಕಳಿಸಿ" ಅಂದರೂ ನೀವೇ ಕಳಿಸಬೇಡಿ, ಅವರ ಬ್ಯಾಂಕಿನಿಂದ ಕೇಳಲಿ. ಅಡ್ವಾನ್ಸ್ ವಿಷಯದಲ್ಲಿ ಮಾತ್ರ ನನಗೂ ನನ್ನ ತಂಗಿಗೂ ಇನ್ನೂ ಒಮ್ಮತ ಇಲ್ಲ. ಅವಳು 500 ತಗೊಂಡೇ ಸಾಮಾನು ಹಿಡಿದಿಡುತ್ತಾಳೆ. ನಾನು ತಗೊಳ್ಳೋದಿಲ್ಲ, ಮೊದಲು ಬಂದವರಿಗೆ ಕೊಡುತ್ತೇನೆ.

ಇನ್ನು ರೇಟು. 14,000 ಜಾಸ್ತಿ ಆಯಿತು ಅಕ್ಕಾರೆ, ಅದಕ್ಕೇ ನಿಜವಾದವರು ಬರುತ್ತಿಲ್ಲ. ನೀವು ಕೊಂಡ ಬಿಲ್ ಬಿಟ್ಟುಬಿಡಿ. ಅಷ್ಟೇ ಲೀಟರಿನ ಹೊಸದು ಇವತ್ತು ಎಷ್ಟಿದೆ ನೋಡಿ. ನನ್ನ ಲೆಕ್ಕದಲ್ಲಿ 5-6 ವರ್ಷದ ಚಾಲೂ ಫ್ರಿಜ್‌ಗೆ ಅದರ ಮೂರರಲ್ಲಿ ಒಂದು ಪಾಲು ಸಿಕ್ಕರೆ ಒಳ್ಳೆಯ ರೇಟು. ಹೋದ ವರ್ಷ ನಮ್ಮದೊಂದು ಹೀಗೇ ಕೊಟ್ಟೆ. ಹೊಸದು 27,000 ಇತ್ತು. ಮೂರನೇ ಒಂದು ಅಂದರೆ 9,000. ಚೌಕಾಶಿಗೆ ಅಂತ 9,800 ಹಾಕಿದೆ, 8,500ಕ್ಕೆ ಹೋಯಿತು. ಉತ್ತರ ಬರೆದ ಇನ್ನೊಬ್ಬರು ಎಕ್ಸ್‌ಚೇಂಜ್‌ಗೆ ಕೊಡಿ ಎಂದಿದ್ದಾರೆ. ಅಕ್ಕ ಇಲ್ಲಿ ಹೊಸದು ಕೊಳ್ಳುತ್ತಿಲ್ಲವಲ್ಲ! ಆದರೆ ಎಕ್ಸ್‌ಚೇಂಜ್‌ಗೆ ಎಷ್ಟು ಹಿಡಿಯುತ್ತಾರೆ ಅಂತ ಅಂಗಡಿಯಲ್ಲಿ ಕೇಳಿಟ್ಟುಕೊಳ್ಳಿ. ಅದಕ್ಕಿಂತ ಕೆಳಗೆ ಇಳಿಯಬೇಡಿ. ನಮ್ಮ ಕಡೆ ಗೋದ್ರೆಜ್, ವರ್ಲ್‌ಪೂಲ್ ಅಂದರೆ ಬೇಗ ಹೋಗುತ್ತೆ ಅನ್ನೋದು ನನ್ನ ಅನುಭವ. ಕಂಡಿರದ ಹೆಸರಿದ್ದರೆ ಇನ್ನೂ ಸಾವಿರ ಇಳಿಸಿ.

ನಿಮ್ಮ ಫೋಟೊ ನೋಡಿದೆ. ಬಾಗಿಲು ಮುಚ್ಚಿದ ಒಂದೇ ಫೋಟೊ, ಅದೂ ರಾತ್ರಿ ಟ್ಯೂಬ್‌ಲೈಟಿನಲ್ಲಿ ತೆಗೆದದ್ದು. ಇದರಿಂದ ಯಾರಿಗೆ ಏನು ತಿಳಿಯಬೇಕು? ಬೆಳಗ್ಗೆ ಕಿಟಕಿ ತೆಗೆದು, ಫ್ರಿಜ್ ಚಾಲೂ ಇರುವಾಗ, ಒಳಗಿನ ಲೈಟ್ ಉರಿಯುವಂತೆ ತೆಗೆಯಿರಿ. ಗಟ್ಟಿಯಾದ ಐಸ್ ಟ್ರೇ ಒಂದು ಫೋಟೊ, ಮಾಡಲ್ ಸ್ಟಿಕರ್ ಒಂದು, ಬಾಗಿಲಿನ ರಬ್ಬರ್ ಒಂದು. ಗೀರು, ತುಕ್ಕು ಇದ್ದರೆ ಅದನ್ನು ಹತ್ತಿರದಿಂದ ತೆಗೆಯಿರಿ. ಮನೆಗೆ ಬಂದು ಕಂಡರೆ ಸಾವಿರ ಇಳಿಸುತ್ತಾರೆ, ಮೊದಲೇ ತೋರಿಸಿದರೆ ಆ ಮಾತು ಬರೋದಿಲ್ಲ. ಬಿಲ್ ಹಾಕುವುದಾದರೆ ಹೆಸರು, ವಿಳಾಸ, ಫೋನ್ ನಂಬರ್ ಮುಚ್ಚಿ.

ಗಿರಾಕಿ ಬರುವಾಗ ಫ್ರಿಜ್ ಓಡುತ್ತಿರಲಿ. ಬಾಗಿಲಿಗೆ ಒಂದು ನೋಟು ಸಿಕ್ಕಿಸಿ ಎಳೆದು ತೋರಿಸಿ. ಬಿಗಿಯಾಗಿ ಹಿಡಿದರೆ ರಬ್ಬರ್ ಸರಿ ಇದೆ. ವ್ಯವಹಾರ ಮುಗಿದ ಮೇಲೆ ಆಫ್ ಮಾಡಿ, ಐಸ್ ಕರಗಿಸಿ, ನೀರು ಒರೆಸಿ ಕೊಡಿ. ಹಾಗಾಗಿ ಒಯ್ಯೋದು ಮರುದಿನ ಇದ್ದರೆ ಒಳ್ಳೆಯದು. ಟಾಟಾ ಏಸ್‌ನಲ್ಲಿ ನಿಲ್ಲಿಸಿಯೇ ಕಟ್ಟಬೇಕು. ಮಲಗಿಸಿ ಒಯ್ದರೆ ಕಂಪ್ರೆಸರ್ ಎಣ್ಣೆ ಪೈಪಿಗೆ ಹರಿಯುತ್ತೆ. ಹಾಗೆ ಒಯ್ದಿದ್ದರೆ ಕೂಡಲೇ ಆನ್ ಮಾಡದೆ ಒಂದಿಡೀ ದಿನ ನಿಲ್ಲಿಸಿಡಲು ಹೇಳಿ. ಗಾಡಿ, ಹಮಾಲಿ ಖರ್ಚು ಯಾರದು ಅಂತ ಫೋನಿನಲ್ಲೇ ಮಾತಾಡಿಕೊಳ್ಳಿ. ಹಗಲು ಹೊತ್ತು ಕರೆಸಿ, ಮನೆಯಲ್ಲಿ ಇನ್ನೊಬ್ಬರು ಇರಲಿ. "ಚಾಲೂ ಇದ್ದದ್ದನ್ನು ನೋಡಿ ತಗೊಂಡಿದ್ದೇನೆ" ಅಂತ ಚೀಟಿಯಲ್ಲಿ ತಾರೀಖು ಹಾಕಿ ಸಹಿ ತಗೊಳ್ಳಿ. ಇಲ್ಲದಿದ್ದರೆ ವಾರ ಬಿಟ್ಟು ಪುಣೆಗೆ ಫೋನ್ ಬರುತ್ತೆ.

ಮಂಚವನ್ನು ಫ್ರಿಜ್ ಜೊತೆ ಸೇರಿಸಿ ಮಾರಬೇಡಿ, ಬೇರೆ ಹಾಕಿ. ಸಪ್ತಾಪುರದಲ್ಲಿ ಕೋಚಿಂಗ್ ಹುಡುಗರು ರೂಮಿಗೆ ಫ್ರಿಜ್ ಕೇಳುತ್ತಾರೆ, ಸಾಗವಾನಿ ಡಬಲ್ ಮಂಚ ಕೇಳೋದಿಲ್ಲ. ಅದಕ್ಕೆ ಸಂಸಾರದವರೇ ಬರಬೇಕು. ಉದ್ದ, ಅಗಲ ಅಳೆದು ಬರೆಯಿರಿ, ಬಿಚ್ಚಲು ಬರುತ್ತಾ ಅಂತಲೂ ಬರೆಯಿರಿ. ಬಿಚ್ಚುವ ಮೊದಲು ಜೋಡಣೆಗಳ ಫೋಟೊ ತೆಗೆದು, ಬೋಲ್ಟುಗಳನ್ನು ಒಂದು ಚೀಲದಲ್ಲಿ ಹಾಕಿ ತಲೆಹಲಗೆಗೇ ಕಟ್ಟಿಬಿಡಿ.