ಸೋಮವಾರದಿಂದ ಗುರುವಾರದವರೆಗೆ ಅಷ್ಟೇ

ಪ್ರಶ್ನೆ: ನಮ್ಮ ಟೀಮ್ ಬೆಂಗಳೂರಲ್ಲಿದೆ, ಕ್ಲೈಂಟ್ ರಿಯಾದ್‌ನಲ್ಲಿ. ಅವರಿಗೆ ಶುಕ್ರವಾರ-ಶನಿವಾರ ರಜೆ, ನಮಗೆ ಶನಿವಾರ-ಭಾನುವಾರ. ಮೀಟಿಂಗ್ ಯಾವಾಗ ಇಡೋದು?

ಮೂರು ವರ್ಷ ಇದೇ ಪಾಡು ಪಟ್ಟಿದ್ದೇನೆ. ಇಬ್ಬರೂ ಕೆಲಸದಲ್ಲಿರುವುದು ವಾರಕ್ಕೆ ನಾಲ್ಕೇ ದಿನ. ವಾರದ ಮೀಟಿಂಗನ್ನು ಮಂಗಳವಾರ ಇಡಿ, ನಮ್ಮ ಸಮಯ ಮಧ್ಯಾಹ್ನ 12ಕ್ಕೆ. ಅಲ್ಲಿ ಆಗ ಬೆಳಿಗ್ಗೆ 9:30, ಅವರು ನಮಗಿಂತ ಎರಡೂವರೆ ಗಂಟೆ ಹಿಂದೆ. ತಡವಾಗಿ ಇಟ್ಟರೆ ಅವರ ಮಧ್ಯಾಹ್ನದ ನಮಾಜಿನ ಹೊತ್ತು ಬಂದುಬಿಡುತ್ತದೆ. ಸೋಮವಾರ ಬೇಡ. ಭಾನುವಾರ ಅವರು ಕಳಿಸಿದ ಮೇಲ್‌ಗಳನ್ನು ಓದುವಷ್ಟರಲ್ಲೇ ನಮ್ಮ ಸೋಮವಾರ ಬೆಳಿಗ್ಗೆ ಮುಗಿದಿರುತ್ತದೆ.

ಆದರೆ ನಿಜವಾದ ತಲೆನೋವು ಮೀಟಿಂಗ್ ಅಲ್ಲ, ಗುರುವಾರ ಸಂಜೆ. ಒಮ್ಮೆ ಅವರು ಗುರುವಾರ ನಾಲ್ಕಕ್ಕೆ ಒಂದು ಬಗ್ ಹೇಳಿದರು. ನಮಗೆ ಆಗ ಆರೂವರೆ. ಶುಕ್ರವಾರ ಮಧ್ಯಾಹ್ನವೇ ಸರಿ ಮಾಡಿ ಕಳಿಸಿ ಹಾಯಾಗಿ ಮನೆಗೆ ಹೋದೆವು. ಅವರು ಅದನ್ನು ನೋಡಿದ್ದು ಭಾನುವಾರ. ಅಲ್ಲೊಂದು ಸಣ್ಣ ಅನುಮಾನ ಬಂತು, ಕೇಳಿದರು. ನಾವು ಉತ್ತರ ಕೊಟ್ಟಿದ್ದು ಸೋಮವಾರ. ಅರ್ಧ ದಿನದ ಕೆಲಸ, ನಾಲ್ಕು ದಿನ ಹಿಡಿಯಿತು. ಒಪ್ಪಂದದಲ್ಲಿ ‘ಎರಡು ಕೆಲಸದ ದಿನಗಳಲ್ಲಿ’ ಎಂದಿತ್ತು. ಯಾರ ಕೆಲಸದ ದಿನ ಎಂದು ಬರೆದಿರಲಿಲ್ಲ, ಅದಕ್ಕೇ ಜಗಳ.

ಆಮೇಲೆ ಗಡುವುಗಳನ್ನೆಲ್ಲ ಇಬ್ಬರಿಗೂ ಸೇರುವ ದಿನಗಳಲ್ಲೇ ಎಣಿಸತೊಡಗಿದೆವು. ಎಕ್ಸೆಲ್‌ನಲ್ಲಿ ಹೀಗೆ:

```
=WORKDAY.INTL(A2,3,"0000111")
```

ಆ ಏಳು ಅಂಕಿ ಸೋಮವಾರದಿಂದ ಶುರು, 1 ಇದ್ದರೆ ರಜೆ. ಇಲ್ಲಿ ಶುಕ್ರ, ಶನಿ, ಭಾನು ಮೂರೂ ರಜೆ. A2ರಲ್ಲಿ ಬುಧವಾರದ ತಾರೀಖು ಇದ್ದರೆ ಮೂರು ದಿನಕ್ಕೆ ಗುರುವಾರ, ಸೋಮವಾರ, ಮಂಗಳವಾರ, ಅಂದರೆ ಮಂಗಳವಾರದ ಗಡುವು. ಹಬ್ಬದ ರಜೆಗಳ ಪಟ್ಟಿಯನ್ನು ಕೊನೆಯಲ್ಲಿ ಇನ್ನೊಂದು ಕಾಮಾ ಹಾಕಿ ಸೇರಿಸಬಹುದು. ರಂಜಾನ್ ತಿಂಗಳು ಮಾತ್ರ ಇದಕ್ಕೆ ಸಿಗಲ್ಲ. ಆಗ ಸೌದಿ ಕಾನೂನಿನಂತೆ ಮುಸ್ಲಿಂ ನೌಕರರಿಗೆ ದಿನಕ್ಕೆ ಆರೇ ಗಂಟೆ ಕೆಲಸ, ಆಫೀಸು ಶುರುವಾಗುವ ಹೊತ್ತೂ ಬದಲಾಗಬಹುದು. ಮುಂಚೆಯೇ ಕೇಳಿಕೊಳ್ಳಿ.

ಭಾನುವಾರ ತುರ್ತು ಬಂದರೆ ಏನು ಅಂತೀರಾ? ನಮ್ಮಲ್ಲಿ ಸರದಿಯ ಮೇಲೆ ಒಬ್ಬರು ಭಾನುವಾರ ಬರುತ್ತಿದ್ದರು, ಅವರಿಗೆ ಶುಕ್ರವಾರ ರಜೆ. ಶುಕ್ರವಾರ ಮಾಲ್, ಬ್ಯಾಂಕು ಎಲ್ಲ ಖಾಲಿ ಇರುತ್ತವೆ ಅಂತ ಕೆಲವರು ಆ ಸರದಿಯನ್ನು ಕೇಳಿ ಪಡೆಯುತ್ತಿದ್ದರು!

‘ಗಲ್ಫ್’ ಎಂದು ಒಂದೇ ಕ್ಯಾಲೆಂಡರ್ ಮಾಡಬೇಡಿ. ಸೌದಿಯಲ್ಲೇ 2013ರವರೆಗೆ ಗುರುವಾರ-ಶುಕ್ರವಾರ ರಜೆ ಇತ್ತು. ದುಬೈನ ಸರ್ಕಾರಿ ಕಚೇರಿಗಳು 2022ರಿಂದ ಶನಿವಾರ-ಭಾನುವಾರಕ್ಕೆ ಬದಲಾದವು, ಶುಕ್ರವಾರ ಅರ್ಧ ದಿನ ಕೆಲಸ. ಪಕ್ಕದ ಶಾರ್ಜಾದಲ್ಲಿ ಶುಕ್ರವಾರವೂ ಸೇರಿ ಮೂರು ದಿನ ರಜೆ. ಕ್ಲೈಂಟ್‌ಗೆ ದುಬೈನಲ್ಲೂ ಆಫೀಸು ಇದ್ದರೆ ಅಲ್ಲಿಯವರಿಗೆ ಭಾನುವಾರ ಮೀಟಿಂಗ್ ಕಳಿಸಿ ಬೈಸಿಕೊಳ್ಳಬೇಡಿ. ನಾನು ಬೈಸಿಕೊಂಡಿದ್ದೇನೆ.