ನಾಲ್ಕು ಭಾಗಗಳಿವೆ, ನಡುವೆ ಕೊಂಡಿಯಿಲ್ಲ

"ಸಂಪಾದಕರೇ, ಅನುದಾನ ಕೋರಿ ಪರಿಶೀಲನಾ ಸಮಿತಿಯ ಮುಂದೆ ಯೋಜನೆ ಮಂಡಿಸುವುದು ಹೇಗೆ ಎಂಬ ಲೇಖನ ಕಳಿಸಿದ್ದೇನೆ. ಅಗತ್ಯ, ಯೋಜನೆ, ಬಜೆಟ್, ಫಲಿತಾಂಶ ಎಂದು ನಾಲ್ಕು ಭಾಗ ಮಾಡಿದ್ದೇನೆ. ಓದಿನಲ್ಲಿ ಹಿಂದುಳಿದ ಮಕ್ಕಳ ಸಂಜೆ ತರಗತಿಯ ಉದಾಹರಣೆ ಇದೆ. ಪ್ರಕಟಿಸುವಿರಾ?"

ಈಗಿರುವ ಹಾಗೆ ಪ್ರಕಟಿಸಲಾರೆ. ಭಾಷೆಗೆ ನನ್ನ ತಕರಾರಿಲ್ಲ. ಆದರೆ ನಿಮ್ಮ ಉದಾಹರಣೆಯ ನಾಲ್ಕು ಭಾಗಗಳನ್ನು ಒಬ್ಬರ ಮುಖ ಒಬ್ಬರು ನೋಡದ ನಾಲ್ವರು ಬರೆದಂತಿದೆ. ಅನುಭವಿ ಸದಸ್ಯರು ಬಜೆಟ್ಟಿನ ಒಂದು ಸಾಲಿನ ಮೇಲೆ ಬೆರಳಿಟ್ಟು, ಅದು ಯಾಕೆ ಬೇಕೆಂದು ಹಿಂದಕ್ಕೆ ಹುಡುಕುತ್ತ ಹೋಗುತ್ತಾರೆ. ನಿಮ್ಮ ಬರಹದಲ್ಲಿ ಆ ದಾರಿ ಅರ್ಧಕ್ಕೇ ನಿಂತುಹೋಗುತ್ತದೆ.

ಅಗತ್ಯದ ಭಾಗ "ನಮ್ಮಲ್ಲಿ ಸಂಜೆ ತರಗತಿ ಇಲ್ಲ" ಎಂದು ಶುರುವಾಗುತ್ತದೆ. ಅದು ಸಮಸ್ಯೆಯಲ್ಲ, ನೀವು ಮೊದಲೇ ಆರಿಸಿಟ್ಟುಕೊಂಡ ಪರಿಹಾರ ಅಲ್ಲಿಲ್ಲ ಎಂದಷ್ಟೇ ಅದರ ಅರ್ಥ. ಐದನೇ ತರಗತಿಯ 60 ಮಕ್ಕಳಲ್ಲಿ 40 ಮಂದಿಗೆ ಎರಡನೇ ತರಗತಿಯ ಪಾಠ ಓದಲಾಗುವುದಿಲ್ಲ ಎಂಬ ಮಾತನ್ನು ಮೂರನೇ ಪುಟದಲ್ಲಿ ಹೂತುಹಾಕಿದ್ದೀರಿ. ಮೊದಲ ಸ್ಲೈಡಿನಲ್ಲಿ ಇರಬೇಕಾದದ್ದು ಅದೇ, ಯಾರು ಯಾವಾಗ ಹೇಗೆ ಪರೀಕ್ಷಿಸಿದರು ಎಂಬುದರ ಸಮೇತ.

ಈಗ ಆ 40ನ್ನೇ ಹಿಡಿದು ನಡೆಯೋಣ. ಹತ್ತು ಮಕ್ಕಳಿಗೊಂದು ಗುಂಪು ಎಂದಿದ್ದೀರಿ, ಅಂದರೆ ನಾಲ್ಕು ಗುಂಪು. ಗುಂಪಿಗೆ ವಾರಕ್ಕೆ ಮೂರು ಗಂಟೆಯಾದರೆ ಒಟ್ಟು 12 ಗಂಟೆ. 24 ವಾರಕ್ಕೆ 288 ಗಂಟೆ. ಪಾಠದ ಸಿದ್ಧತೆಗೆ ಅಷ್ಟೇ ಹೊತ್ತು ಸೇರಿಸಿದರೂ ವಾರಕ್ಕೆ 24 ಗಂಟೆ ದಾಟುವುದಿಲ್ಲ. ಬಜೆಟ್ಟಿನಲ್ಲಿ ಮಾತ್ರ ಇಬ್ಬರು ಪೂರ್ಣಾವಧಿ ಶಿಕ್ಷಕರ ಸಂಬಳ ಕುಳಿತಿದೆ! ನಾಲ್ಕೂ ಗುಂಪು ಒಂದೇ ಹೊತ್ತಿಗೆ ಸೇರುವುದರಿಂದ ಹೆಚ್ಚು ಜನ ಬೇಕು ಎನ್ನುವುದಾದರೆ ಹಾಗೆಂದು ಯೋಜನೆಯಲ್ಲಿ ಬರೆಯಿರಿ. ಆಗಲೂ ಬೇಕಾಗುವುದು ಗಂಟೆಗಿಷ್ಟು ಎಂದು ಸಂಭಾವನೆ ಪಡೆಯುವ ನಾಲ್ವರು. ಇಂಥದ್ದೊಂದು ಸಾಲು ಸಿಕ್ಕಿಬಿದ್ದರೆ ಉಳಿದ ಪ್ರಾಮಾಣಿಕ ಲೆಕ್ಕವನ್ನೂ ಸಮಿತಿ ಅನುಮಾನದಿಂದಲೇ ನೋಡುತ್ತದೆ.

ಫಲಿತಾಂಶದಲ್ಲಿ "40 ಮಕ್ಕಳಿಗೆ ತರಬೇತಿ" ಎಂದಿದೆ. ಅದು ನೀವು ಮಾಡುವ ಕೆಲಸ. ಮಕ್ಕಳಲ್ಲಿ ಏನು ಬದಲಾಯಿತು? 24 ವಾರಗಳ ಕೊನೆಗೆ ಕನಿಷ್ಠ 25 ಮಕ್ಕಳು ಅದೇ ಮಟ್ಟದ ಪಾಠವನ್ನು ತಡವರಿಸದೆ ಓದುತ್ತಾರೆ ಎನ್ನಿ, ಆಗ ಅಳೆಯಬಹುದು. 40ಕ್ಕೆ 40 ಎಂದು ಭರವಸೆ ಕೊಡಬೇಡಿ, ನಡುವೆ ಬಿಡುವ ಮಕ್ಕಳು ಇದ್ದೇ ಇರುತ್ತಾರೆ. ಕೊನೆಯ ಪರೀಕ್ಷೆ ಮೊದಲಿನಷ್ಟೇ ಕಷ್ಟದ್ದಾಗಿರಲಿ, ಆದರೆ ಪಾಠ ಬೇರೆಯಿರಲಿ. ಇಲ್ಲದಿದ್ದರೆ ಬಾಯಿಪಾಠವನ್ನು ಓದು ಎಂದು ಎಣಿಸುತ್ತೀರಿ. ಪರೀಕ್ಷೆ ನಡೆಸುವ ಖರ್ಚಿಗೆ ನಿಮ್ಮ ಬಜೆಟ್ಟಿನಲ್ಲಿ ಒಂದು ಸಾಲೂ ಇಲ್ಲ.

ಸ್ಲೈಡಿನ ಬಣ್ಣ, ಅಕ್ಷರದ ಗಾತ್ರಗಳ ಎರಡು ಪುಟ ತೆಗೆದುಬಿಡಿ. ತಿದ್ದಿ ಕಳಿಸುವಾಗ ಬಜೆಟ್ ಹಾಳೆಯನ್ನು ಮೇಲಿಡಿ, ನಾನೂ ಅಲ್ಲಿಂದಲೇ ಓದಲು ಶುರು ಮಾಡುತ್ತೇನೆ.